ಹಳೆಯ ಸಂಸ್ಥೆಯ ಫೇಸ್‌ಬುಕ್ ಪುಟದಿಂದ ನನ್ನ ಫೋಟೋ ತೆಗೆಸುವುದು ಹೇಗೆ?

ಪ್ರಶ್ನೆ: ಕೆಲಸ ಬಿಟ್ಟು ತಿಂಗಳುಗಳಾದವು. ಸಂಸ್ಥೆಯ ಫೇಸ್‌ಬುಕ್ ಪುಟದಲ್ಲಿ ಇನ್ನೂ ನನ್ನ ಫೋಟೋ, ಹೆಸರು ಇವೆ. ತೆಗೆಯಿರಿ ಎಂದು ಮೇಲ್ ಬರೆಯಬೇಕು. ಕಾನೂನಿನ ಕಲಂ ಹಾಕಿ ಖಡಕ್ಕಾಗಿ ಬರೆದರೆ ತಾನೇ ಕೆಲಸವಾಗುವುದು?

ಇಲ್ಲ. ಮೊದಲ ಮೇಲ್‌ನಲ್ಲಿ ಕಲಂ ಬೇಡವೇ ಬೇಡ.

ನಾನು ಪಿಯು ವಿದ್ಯಾರ್ಥಿಗಳ ಕೋಚಿಂಗ್ ಸೆಂಟರ್ ಒಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಅಲ್ಲಿಂದ ಬಿಡುಗಡೆಯಾಗಿ ಕಾಲೇಜೊಂದಕ್ಕೆ ಸೇರಿದೆ. ಮರುವರ್ಷ ದಾಖಲಾತಿ ಶುರುವಾದಾಗ ಹಳೆಯ ಸೆಂಟರ್‌ನ ಪುಟದಲ್ಲಿ ‘ನಮ್ಮ ಅನುಭವಿ ಬೋಧಕರು’ ಎಂಬ ಸಾಲಿನಡಿ ನನ್ನ ಮುಖವೂ ಇತ್ತು. ಪ್ರಾಂಶುಪಾಲರು ಕರೆಸಿ ಫೋನ್ ನನ್ನ ಕಡೆಗೆ ತಿರುಗಿಸಿ, ‘ಸಂಜೆ ಹೊತ್ತು ಅಲ್ಲಿಗೂ ಹೋಗುತ್ತೀರೇನಮ್ಮ?’ ಎಂದು ಕೇಳಿದರು. ಹೊರಗೆ ಪಾಠ ಮಾಡುವಂತಿಲ್ಲ ಎಂಬ ಷರತ್ತಿಗೆ ಸಹಿ ಹಾಕಿದ್ದವಳು ನಾನು. ಬಿಡುಗಡೆ ಪತ್ರ ತೋರಿಸಿದ ಮೇಲೂ ನನ್ನ ಕಾಯಂ ಆದೇಶ ಒಂದು ವರ್ಷ ಮುಂದೆ ಹೋಯಿತು.

ನನ್ನನ್ನು ಕೆಡಿಸಿದ್ದು ಸೆಂಟರ್ ಬಿಟ್ಟ ಮೇಲೆ ಅವರಿಗೆ ಬರೆದಿದ್ದ ಮೊದಲ ಮೇಲ್‌ನ ಒಂದೇ ವಾಕ್ಯ: ‘ನಿಮ್ಮ ಪುಟದಲ್ಲಿರುವ ನನ್ನ ಎಲ್ಲ ಫೋಟೋಗಳನ್ನು ತೆಗೆಯಿರಿ.’ ಓದಲು ಪೂರ್ತಿ ಕೋರಿಕೆಯಂತೆಯೇ ಕಾಣುತ್ತದೆ. ಆದರೆ ಅದು ತಲುಪಿದ್ದು ಎಚ್‌ಆರ್ ವಿಭಾಗಕ್ಕೆ. ಪುಟ ನೋಡಿಕೊಳ್ಳುತ್ತಿದ್ದದ್ದು ಹೊರಗಿನ ಜಾಹೀರಾತು ಏಜೆನ್ಸಿ. ಅಲ್ಲಿಯ ಹುಡುಗನಿಗೆ ನನ್ನ ಮುಖವೇ ಗೊತ್ತಿಲ್ಲ. ಅವನು ನನ್ನ ಹೆಸರು ಹುಡುಕಿ, ಸಿಕ್ಕ ಒಂದು ಪೋಸ್ಟ್ ಅಳಿಸಿ, ‘ಆಯಿತು’ ಎಂದ. ಎಚ್‌ಆರ್ ನನಗೆ ‘ತೆಗೆಯಲಾಗಿದೆ’ ಎಂದು ಬರೆದು ವಿಷಯ ಮುಗಿಸಿತು. ಪೋಸ್ಟರ್‌ನಲ್ಲಿ ಹೆಸರು ಚಿತ್ರದೊಳಗೇ ಅಚ್ಚಾಗಿತ್ತು, ಹಾಗಾಗಿ ಅವನ ಹುಡುಕಾಟಕ್ಕೆ ಅದು ಸಿಗಲಿಲ್ಲ. ಪ್ರಾಂಶುಪಾಲರು ನೋಡಿದ್ದು ಅದನ್ನೇ. ‘ಎಲ್ಲ’ ಎಂದಾಗ ಎಷ್ಟು ತೆಗೆದರೆ ಕೆಲಸ ಮುಗಿಯಿತು ಎಂದು ತೀರ್ಮಾನಿಸುವ ಅಧಿಕಾರವನ್ನು ನಾನೇ ಅವರಿಗೆ ಕೊಟ್ಟಂತಾಗಿತ್ತು.

ಆದ್ದರಿಂದ ಮೊದಲು ಕೂತು ಪಟ್ಟಿ ಮಾಡಿ. ಪೋಸ್ಟ್‌ನಲ್ಲಿ ಪುಟದ ಹೆಸರಿನ ಕೆಳಗಿರುವ ದಿನಾಂಕವನ್ನು ಒತ್ತಿದರೆ ಆ ಪೋಸ್ಟ್ ಮಾತ್ರ ತೆರೆಯುತ್ತದೆ. ಅದರ ವಿಳಾಸವನ್ನು ನಕಲು ಮಾಡಿಕೊಳ್ಳಿ, ಜೊತೆಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪ್ರತಿ ಪೋಸ್ಟ್‌ಗೂ ನಿಮಗೆ ಏನು ಬೇಕು ಎಂದು ಬೇರೆಬೇರೆಯಾಗಿ ಬರೆಯಿರಿ. ಬರಹದಲ್ಲಿ ಹೆಸರು ಮಾತ್ರ ಇದ್ದರೆ ಆ ಸಾಲು ತಿದ್ದಿದರೆ ಸಾಕು. ಟ್ಯಾಗ್ ಅನ್ನು ನೀವೇ ತೆಗೆಯಬಹುದು, ಆದರೆ ಅದರಿಂದ ಫೋಟೋ ಹೋಗುವುದಿಲ್ಲ.

ನಾನು ಎರಡನೆಯ ಸಲ ಬರೆದದ್ದು ಹೀಗಿತ್ತು:

‘ಮಾನ್ಯರೇ, ನಾನು ನಿಮ್ಮಲ್ಲಿ ಭೌತಶಾಸ್ತ್ರ ಬೋಧಕಿಯಾಗಿದ್ದು, ಮಾರ್ಚ್ 31ರಂದು ಬಿಡುಗಡೆಯಾಗಿದ್ದೇನೆ. ಕೆಳಗಿನ ಪೋಸ್ಟ್‌ಗಳಲ್ಲಿ ಈಗಲೂ ನಿಮ್ಮಲ್ಲೇ ಇದ್ದೇನೆ ಎಂಬಂತೆ ನನ್ನ ಫೋಟೋ ಮತ್ತು ಹೆಸರು ಇವೆ. ಮೊದಲ ಎರಡನ್ನು ಅಳಿಸಿ, ಮೂರನೆಯದರ ಬರಹದಿಂದ ನನ್ನ ಹೆಸರು ತೆಗೆಯಬೇಕಾಗಿ ಕೋರುತ್ತೇನೆ. ಈ ಚಿತ್ರಗಳು ಜಾಹೀರಾತಿನಲ್ಲಿ ಓಡುತ್ತಿದ್ದರೆ ಅವನ್ನೂ ನಿಲ್ಲಿಸಿ. ಮುಂದಿನ ಪ್ರಚಾರಕ್ಕೆ ನನ್ನ ಫೋಟೋ ಬಳಸಲು ಒಪ್ಪಿಗೆ ಇಲ್ಲ. ಪುಟ ನಿರ್ವಹಿಸುವವರಿಗೆ ಈ ಮೇಲ್ ಕಳುಹಿಸಿ, ಇದೇ 20ರೊಳಗೆ ಉತ್ತರಿಸಿ.’

ಎಚ್‌ಆರ್‌ಗೆ ಬರೆದು, ಮಾಲೀಕರಿಗೂ ಪ್ರತಿ ಹಾಕಿದೆ. ಕೆಲಸವಾಯಿತು.

ಜಾಹೀರಾತಿನ ಮಾತು ಸುಮ್ಮನೆ ಸೇರಿಸಿದ್ದಲ್ಲ. ಹಣ ಕೊಟ್ಟು ಓಡಿಸುವ ಜಾಹೀರಾತು ಪುಟದ ಮೇಲೆ ಕಾಣಿಸದೆಯೂ ಇರಬಹುದು. ಮೆಟಾದ ‘ಆ್ಯಡ್ ಲೈಬ್ರರಿ’ ತೆರೆದು ಸಂಸ್ಥೆಯ ಹೆಸರು ಹಾಕಿದರೆ ಸದ್ಯ ಓಡುತ್ತಿರುವವು ಯಾರಿಗೂ ಕಾಣುತ್ತವೆ. ನನ್ನ ಮುಖವಿದ್ದ ಇನ್ನೊಂದು ಪೋಸ್ಟರ್ ನನಗೆ ಸಿಕ್ಕಿದ್ದೂ ಅಲ್ಲೇ.

ಮೊದಲ ಮೇಲ್‌ನಲ್ಲಿ ಕಲಂ ಬೇಡ ಎನ್ನುವುದಕ್ಕೆ ಕಾರಣವಿದೆ. ಕಲಂ ಕಂಡ ಕೂಡಲೇ ಮೇಲ್ ವಕೀಲರ ಮೇಜಿಗೆ ಹೋಗುತ್ತದೆ; ಅಳಿಸುವ ಗುಂಡಿ ಇರುವುದು ಪುಟ ನೋಡಿಕೊಳ್ಳುವವರ ಕೈಯಲ್ಲಿ. ಜೊತೆಗೆ, ಎಲ್ಲರೂ ಉಲ್ಲೇಖಿಸುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆ ಹಿಂಪಡೆಯುವ, ಮಾಹಿತಿ ಅಳಿಸಲು ಕೇಳುವ ಹಕ್ಕುಗಳ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ಇಟ್ಟಿದ್ದಾರೆ. ಅದಕ್ಕೆ ಮೊದಲೇ ಆ ಕಲಂ ತೋರಿಸಿ ಬೆದರಿಸಿದರೆ, ತಿಳಿದ ವಕೀಲರು ಒಂದೇ ಸಾಲಿನಲ್ಲಿ ನಿಮ್ಮ ಬಾಯಿ ಮುಚ್ಚಿಸುತ್ತಾರೆ. ‘ಈಗ ನಿಮ್ಮಲ್ಲಿಲ್ಲದ ನನ್ನನ್ನು ತೋರಿಸಿ ದಾಖಲಾತಿ ಮಾಡಿಕೊಳ್ಳುತ್ತಿದ್ದೀರಿ’ ಎಂಬ ನೇರ ಮಾತು ಮಾಲೀಕರಿಗೆ ಹೆಚ್ಚು ನಾಟುತ್ತದೆ, ಏಕೆಂದರೆ ಅದನ್ನು ಪೋಷಕರೂ ಕೇಳಬಹುದು.

ಗಡುವು ದಾಟಿದರೂ ಉತ್ತರವಿಲ್ಲದಿದ್ದರೆ ಫೇಸ್‌ಬುಕ್‌ನ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಅವರು 24 ಗಂಟೆಯೊಳಗೆ ಸ್ವೀಕೃತಿ ತಿಳಿಸಬೇಕು ಎಂದು 2021ರ ಐಟಿ ನಿಯಮಗಳು ಹೇಳುತ್ತವೆ. ಆ ದೂರಿಗೂ ಬೇಕಾಗುವುದು ಅದೇ ಲಿಂಕ್‌ಗಳ ಪಟ್ಟಿ ಮತ್ತು ನೀವು ಸಂಸ್ಥೆಗೆ ಕಳುಹಿಸಿದ ಮೇಲ್‌ನ ಪ್ರತಿ.