ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯಬಹುದು? ಲೆಕ್ಕ ಹೇಗೆ ಬರೆದುಕೊಡಬೇಕು?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಮನೆ ಬಾಡಿಗೆಗೆ ಇದೆ. ಮೂರು ವರ್ಷ ಇದ್ದವರು ಈಗ ಖಾಲಿ ಮಾಡುತ್ತಿದ್ದಾರೆ. ಅಡ್ವಾನ್ಸ್ 60,000 ರೂಪಾಯಿ. ಅದರಲ್ಲಿ ಇಡೀ ಮನೆಯ ಪೇಂಟಿಂಗ್‌ಗೆ 14,000, ಬೆಡ್‌ರೂಮಿನ ಪಶ್ಚಿಮದ ಗೋಡೆ ಕೆಳಗಿನಿಂದ ಮೊಳಕಾಲೆತ್ತರ ಬೂಷ್ಟು ಹಿಡಿದಿರುವುದಕ್ಕೆ 4,500, ಒಡೆದ ವಾಶ್ ಬೇಸಿನ್‌ಗೆ 3,200, ಕರೆಂಟ್ ಬಿಲ್ 1,300, ನಲ್ಲಿ ರಿಪೇರಿ ಮತ್ತು ಕ್ಲೀನಿಂಗ್‌ಗೆ 2,000, ಒಟ್ಟು 25,000 ಹಿಡಿಯುತ್ತೇನೆ ಅಂದೆ. ಅವರು ಒಪ್ಪುತ್ತಿಲ್ಲ. ಅವರು ಬರುವ ಮುಂಚೆಯೇ ಹೊಸದಾಗಿ ಪೇಂಟ್ ಮಾಡಿಸಿದ್ದೆ. ಹಾಲ್‌ನ ಗೋಡೆ ತುಂಬಾ ಮಕ್ಕಳು ಗೀಚಿದ್ದಾರೆ. ಕರಾರಿನಲ್ಲಿ ಪೇಂಟಿಂಗ್ ವಿಷಯ ಬರೆದಿಲ್ಲ. ಅವರಿಗೆ ಹೇಗೆ ಅರ್ಥ ಮಾಡಿಸಲಿ?

ಉತ್ತರ: ಅರ್ಥ ಮಾಡಿಸುವುದಕ್ಕಿಂತ ಮೊದಲು ಲೆಕ್ಕವನ್ನೇ ಸರಿ ಮಾಡಬೇಕು. ನೀವು ಹೇಳಿದ 25,000ದಲ್ಲಿ ನ್ಯಾಯವಾಗಿ ಹಿಡಿಯಬಹುದಾದದ್ದು ನನ್ನ ಪ್ರಕಾರ 5,400 ರೂಪಾಯಿ ಮಾತ್ರ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಏನು ಹಿಡಿಯಬಹುದು ಅನ್ನುವುದಕ್ಕೆ ಮೊದಲು ನೋಡಬೇಕಾದದ್ದು ಕರಾರು. ಅದರಲ್ಲಿ ಇಲ್ಲದ ವಿಷಯಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಇದೆ. ಬಾಡಿಗೆದಾರರು ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು, ಆದರೆ ಸಹಜ ಬಳಕೆಯಿಂದ ಆದ ಸವಕಳಿಗೆ ಅವರು ಹೊಣೆಯಲ್ಲ ಅನ್ನುತ್ತದೆ ಅದು. ಜಗಳ ಆಗುವುದೆಲ್ಲ ಈ ಸವಕಳಿ ಮತ್ತು ಹಾಳು ಮಾಡಿದ್ದರ ನಡುವೆಯೇ.

ಪೇಂಟಿಂಗ್ ನೋಡಿ. ಮೂರು ವರ್ಷ ಜನ ಬದುಕಿದ ಮನೆಯಲ್ಲಿ ಬಣ್ಣ ಮಾಸುತ್ತದೆ. ಸ್ವಿಚ್ ಸುತ್ತ ಕೈ ಕೊಳೆ, ಕ್ಯಾಲೆಂಡರ್ ಹಾಕಿದ ಮೊಳೆಯ ತೂತು, ಅಡುಗೆಮನೆಯ ಹೊಗೆ, ಇದೆಲ್ಲ ಸವಕಳಿ. ಕರಾರಿನಲ್ಲಿ ಬರೆಯದೇ ಇದ್ದಾಗ ಇದಕ್ಕೆ ದುಡ್ಡು ಕೇಳುವುದು ಕಷ್ಟ. "ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ" ಅಂತ ಎಷ್ಟೋ ಕರಾರುಗಳಲ್ಲಿ ಇರುತ್ತದೆ. ನಿಮ್ಮದರಲ್ಲಿ ಇಲ್ಲ. ಈಗ ಬಾಯಿಮಾತಿನಲ್ಲಿ ಅದನ್ನು ಸೇರಿಸಲು ಹೋಗಬೇಡಿ.

ಹಾಲ್ ಗೋಡೆಯ ಕಥೆ ಬೇರೆ. ಮಕ್ಕಳು ಗೀಚಿದ್ದು ಸವಕಳಿ ಅಲ್ಲ. ಆದರೆ ಅದಕ್ಕೂ ಪೂರ್ತಿ ದುಡ್ಡು ಕೇಳುವಂತಿಲ್ಲ. ನಿಮ್ಮ 14,000ದಲ್ಲಿ ಹಾಲ್ ಒಂದಕ್ಕೇ ಎಷ್ಟು ಅಂತ ಪೇಂಟರ್ ಹತ್ತಿರ ಬೇರೆ ಬರೆಸಿಕೊಳ್ಳಿ. 5,000 ಅಂದುಕೊಳ್ಳೋಣ. ಒಳಗಿನ ಬಣ್ಣ ಸುಮಾರು ಐದು ವರ್ಷ ಬಾಳುತ್ತದೆ ಅಂತ ಹಿಡಿದರೆ ಮೂರು ವರ್ಷದ ಬೆಲೆ ಆಗಲೇ ತೀರಿದೆ. ಅದನ್ನು ನೀವು ಬಾಡಿಗೆಯ ರೂಪದಲ್ಲಿ ಪಡೆದಿದ್ದೀರಿ. ಉಳಿದದ್ದು ಎರಡು ವರ್ಷ. ಅಂದರೆ ಐದರಲ್ಲಿ ಎರಡು ಪಾಲು, 2,000 ರೂಪಾಯಿ. ಈ ಪಾಲಿನ ಲೆಕ್ಕ ಕಾನೂನಿನಲ್ಲಿ ಬರೆದದ್ದಲ್ಲ, ಆದರೆ ಇಬ್ಬರೂ ಒಪ್ಪುವಂಥದ್ದು. ಹಳೇ ಬಣ್ಣದ ಬದಲು ಪೂರಾ ಹೊಸ ಬಣ್ಣವನ್ನು ಅವರ ದುಡ್ಡಲ್ಲಿ ಹೊಡೆಸಿಕೊಂಡರೆ ನಿಮಗೆ ನಷ್ಟ ತುಂಬಿದ ಹಾಗಲ್ಲ, ಲಾಭ ಆದ ಹಾಗೆ.

ಬೂಷ್ಟಿನ ವಿಷಯದಲ್ಲೇ ಚಿಕ್ಕಮಗಳೂರು, ಹಾಸನದ ಕಡೆ ಜಾಸ್ತಿ ಅನ್ಯಾಯ ಆಗುವುದು ಅಂತ ನನಗನ್ನಿಸುತ್ತದೆ. "ಕಿಟಕಿ ತೆಗೀಲಿಲ್ಲ, ಒಳಗೇ ಬಟ್ಟೆ ಒಣಗಿಸಿದ್ರು" ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಮುಂಗಾರಿನ ಮಳೆ ಹೊಡೆಯುವುದು ಪಶ್ಚಿಮ, ನೈರುತ್ಯದ ಗೋಡೆಗೇ ಅಲ್ವಾ? ಬೂಷ್ಟು ಎಲ್ಲಿಂದ ಶುರುವಾಗಿದೆ ನೋಡಿ. ನೆಲದಿಂದ ಮೇಲಕ್ಕೆ ಏರಿದ್ದು, ಬಣ್ಣ ಹೊಪ್ಪಳೆಯಾಗಿ ಎದ್ದು, ಕೆರೆದರೆ ಬಿಳಿ ಉಪ್ಪಿನ ಪುಡಿ ಉದುರಿದರೆ, ತೇವ ತಳಪಾಯದಿಂದಲೋ ಹೊರಗೋಡೆಯಿಂದಲೋ ಬರುತ್ತಿದೆ. ಸಜ್ಜಾ ಸೇರುವ ಜಾಗದಿಂದ ಕೆಳಗೆ ಇಳಿದಿದ್ದರೆ ಹೊರಗೆ ಬಿರುಕು ಇರುತ್ತದೆ. ಸೂರಿನ ಮೂಲೆಯಲ್ಲಿ, ಬೀರುವಿನ ಹಿಂದೆ ಸಣ್ಣ ಸಣ್ಣ ಕಪ್ಪು ಚುಕ್ಕಿಗಳಾಗಿ ಹರಡಿದ್ದರೆ ಮಾತ್ರ ಒಳಗಿನ ಹಬೆಯ ಅನುಮಾನ ಪಡಬಹುದು.

ಸಂಶಯ ಉಳಿದರೆ ಒಂದು ಸುಲಭದ ಪರೀಕ್ಷೆ ಇದೆ. ತೇವ ಇರುವಾಗಲೇ ಮಾಡಬೇಕು, ಬೇಸಿಗೆಯಲ್ಲಿ ಮಾಡಿದರೆ ಉಪಯೋಗ ಇಲ್ಲ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಾಕಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆಯ ಕಡೆ ನೀರು ಕೂತಿದ್ದರೆ ತೇವ ಗೋಡೆಯದು. ಕೋಣೆಯ ಕಡೆ ಹನಿ ಕಟ್ಟಿದ್ದರೆ ಕೋಣೆಯೊಳಗಿನ ಗಾಳಿಯದು.

ನಿಮ್ಮ ಗೋಡೆ ಕೆಳಗಿನಿಂದ ಏರಿದೆ ಅಂತ ನೀವೇ ಬರೆದಿದ್ದೀರಿ. ಅದು ಕಟ್ಟಡದ ದೋಷ. ಆ 4,500 ಪೂರ್ತಿ ಬಿಡಿ. ಹೊರಗೋಡೆ ಸರಿ ಮಾಡದೆ ಒಳಗೆ ಬಣ್ಣ ಹೊಡೆಸಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಬರುತ್ತದೆ, ಆಗ ಹೊಸ ಬಾಡಿಗೆದಾರರ ಜೊತೆ ಇದೇ ಜಗಳ.

ಬೇಸಿನ್ ಒಡೆದದ್ದು ಅವರ ಕೈಯಲ್ಲೇ ಅಂದರೆ ಹಿಡಿಯಬಹುದು. 3,200ರಲ್ಲಿ ಬೇಸಿನ್‌ಗೆ 2,200, ಪ್ಲಂಬರ್ ಕೂಲಿ 1,000 ಅಂದುಕೊಳ್ಳೋಣ. ಬೇಸಿನ್ ಆಗಲೇ ಅರ್ಧ ಆಯಸ್ಸು ಕಳೆದಿದ್ದರೆ ಅದರ ಅರ್ಧ ಬೆಲೆ, 1,100. ಕೂಲಿ ಪೂರ್ತಿ, ಯಾಕೆಂದರೆ ಒಡೆಯದೇ ಇದ್ದಿದ್ದರೆ ಪ್ಲಂಬರ್ ಬರಬೇಕಾಗಿರಲಿಲ್ಲ. ಒಟ್ಟು 2,100. ಈಗ ಅದಕ್ಕಿಂತ ದುಬಾರಿ ಬೇಸಿನ್ ಹಾಕಿಸಿದರೆ ಹೆಚ್ಚಿನ ಬೆಲೆ ನಿಮ್ಮದು.

ಕರೆಂಟ್‌ದು ಸಲೀಸು. ಬೀಗದ ಕೈ ಕೊಡುವ ದಿನ ಇಬ್ಬರೂ ನಿಂತು ಮೀಟರ್ ರೀಡಿಂಗ್‌ನ ಫೋಟೊ ತೆಗೆಯಿರಿ, ಮೆಸ್ಕಾಂ ಬಿಲ್‌ನಲ್ಲಿರುವ ಹಿಂದಿನ ರೀಡಿಂಗ್‌ನಿಂದ ಅಲ್ಲಿಯವರೆಗಿನದು ಅವರದು. ಗೃಹಜ್ಯೋತಿಗೆ ಅವರ ಆಧಾರ್ ಜೋಡಿಸಿದ್ದರೆ ಹೋಗುವ ಮುಂಚೆ ಡಿ-ಲಿಂಕ್ ಮಾಡಲು ಹೇಳಿ. ನಲ್ಲಿ ಸೋರುವುದು ಸವಕಳಿ. ಕ್ಲೀನಿಂಗ್‌ಗೆ ದುಡ್ಡು ಹಿಡಿಯುವ ಬದಲು ನೀವೇ ಗುಡಿಸಿ ತೊಳೆದು ಕೊಡಿ ಅಂತ ಒಂದು ವಾರ ಮೊದಲೇ ಹೇಳಿಬಿಡಿ.

ಈಗ ಬರೆದುಕೊಡುವ ಚೀಟಿ. "ರಿಪೇರಿ 5,400" ಅಂತ ಒಂದೇ ಸಾಲು ಬರೆದರೆ ಯಾರಿಗಾದರೂ ಅನುಮಾನ ಬರುತ್ತದೆ. ಪ್ರತಿ ಬಾಬ್ತಿಗೂ ಬಂದಾಗ ಹೇಗಿತ್ತು, ಈಗ ಹೇಗಿದೆ, ಒಟ್ಟು ಖರ್ಚೆಷ್ಟು, ಅದರಲ್ಲಿ ಅವರ ಪಾಲೆಷ್ಟು, ಯಾಕೆ ಅಂತ ಇರಲಿ. ಹೀಗೆ:

"ಹಾಲ್ ಗೋಡೆ. ನೀವು ಬಂದಾಗ ಹೊಸ ಬಣ್ಣ. ಈಗ ಕ್ರೇಯಾನ್ ಗೀಟು, ಒರೆಸಿದರೆ ಹೋಗುತ್ತಿಲ್ಲ, ಫೋಟೊ ಇದೆ. ಪೇಂಟರ್ ಹೇಳಿದ್ದು 5,000. ಬಣ್ಣದ ಆಯಸ್ಸು ಐದು ವರ್ಷ, ಮೂರು ವರ್ಷ ಆಗಿದೆ. ಉಳಿದ ಎರಡು ವರ್ಷಕ್ಕೆ ನಿಮ್ಮ ಪಾಲು 2,000."

ಹಿಡಿಯದೇ ಬಿಟ್ಟದ್ದನ್ನೂ ಬರೆಯಿರಿ: "ಬೆಡ್‌ರೂಮ್ ಗೋಡೆ, ಹೊರಗಿನ ತೇವ, 0." ಇಂಥ ಸಾಲು ಕಂಡರೆ ಉಳಿದ ಸಾಲುಗಳನ್ನೂ ಅವರು ನಂಬುತ್ತಾರೆ. ಕೊನೆಯಲ್ಲಿ 60,000ದಲ್ಲಿ 2,000, 2,100 ಮತ್ತು 1,300 ಕಳೆದು ವಾಪಸ್ 54,600 ಅಂತ ಬರೆಯಿರಿ. ಪೇಂಟರ್, ಪ್ಲಂಬರ್ ಕೊಟ್ಟ ಚೀಟಿಗಳ ನಕಲು ಲಗತ್ತಿಸಿ.

ಗಾಡಿಗೆ ಸಾಮಾನು ತುಂಬಿದ ಮೇಲೆ, ಹೊರಡುವ ಮುಂಚೆ, ಖಾಲಿ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಓಡಾಡಿ ಈ ಚೀಟಿ ಓದಿ ಸಹಿ ಮಾಡಿ. ಬೀರು ಸರಿಸಿದ ಮೇಲೇ ಎಷ್ಟೋ ವಿಷಯ ಕಾಣುವುದು. ಯಾವುದೋ ಒಂದು ಬಾಬ್ತಿಗೆ, ಉದಾಹರಣೆಗೆ ಬೇಸಿನ್‌ಗೆ, ಅವರು ಒಪ್ಪದಿದ್ದರೆ ಇಡೀ ಅಡ್ವಾನ್ಸ್ ತಡೆಹಿಡಿಯಬೇಡಿ. 54,600 ಅವತ್ತೇ ಅವರ ಖಾತೆಗೆ ಹಾಕಿ. ಚೀಟಿಯಲ್ಲಿ "ಬೇಸಿನ್ ಬಗ್ಗೆ ಒಪ್ಪಿಗೆ ಇಲ್ಲ" ಅಂತ ಅವರ ಕೈಯಲ್ಲೇ ಬರೆಸಿ, ಆ 2,100ರ ಮಾತನ್ನಷ್ಟೇ ಮುಂದುವರಿಸಿ.