2/10 ನೆಟ್ 30: ಹತ್ತು ದಿನ ಯಾವತ್ತಿನಿಂದ ಎಣಿಸಬೇಕು?

ಪ್ರಶ್ನೆ: ಸಪ್ಲೈಯರ್ ಬಿಲ್‌ನಲ್ಲಿ 2/10 ನೆಟ್ 30 ಅಂತ ಇದೆ, ಅಂದರೆ ಹತ್ತು ದಿನದೊಳಗೆ ಕೊಟ್ಟರೆ 2% ಡಿಸ್ಕೌಂಟ್, ಇಲ್ಲವಾದರೆ ಮೂವತ್ತು ದಿನದೊಳಗೆ ಪೂರ್ತಿ ಹಣ. ಸಾಫ್ಟ್‌ವೇರ್‌ನಲ್ಲೂ ಅದನ್ನೇ ಹಾಕಿದ್ದೀವಿ. ಅದು 2% ಕಳೆದು ಹಣ ಕಳಿಸಿತು. ಈಗ ಅವರು ಡಿಸ್ಕೌಂಟ್ ಸಿಗಲ್ಲ ಅಂತ ಬಾಕಿ ತೋರಿಸಿ, ಅದಕ್ಕೆ ಬಡ್ಡಿನೂ ಹಾಕಿದ್ದಾರೆ. ಇದು ಸಾಫ್ಟ್‌ವೇರ್ ತಪ್ಪಾ, ಅವರ ತಪ್ಪಾ?

ಮೊದಲು ಆ ಬಿಲ್‌ನ ಎಂಟ್ರಿ ತೆಗೆದು ಬೇಸ್‌ಲೈನ್ ಡೇಟ್ ಏನಿದೆ ನೋಡಿ. ಹತ್ತು ದಿನ, ಮೂವತ್ತು ದಿನ ಎರಡನ್ನೂ ಸಾಫ್ಟ್‌ವೇರ್ ಎಣಿಸುವುದು ಆ ತಾರೀಖಿನಿಂದ. ಸಪ್ಲೈಯರ್ ಸಾಮಾನ್ಯವಾಗಿ ಎಣಿಸುವುದು ಬಿಲ್ ತಾರೀಖಿನಿಂದ. ಈ ಎರಡು ಬೇರೆ ಬೇರೆ ಇದ್ದರೆ ನೀವು ಹೇಳಿದ್ದೇ ಆಗುತ್ತದೆ. ನಾನು ಹಲವು ವರ್ಷ ಬಿಲ್ ಪಾವತಿ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಇಂಥ ಜಗಳಗಳಲ್ಲಿ ಜಾಸ್ತಿ ಪಾಲು ಇಲ್ಲಿಂದಲೇ ಶುರುವಾಗಿದ್ದು.

ಒಂದು ಬಿಲ್ ಇಟ್ಟುಕೊಂಡು ನೋಡೋಣ. ಮೊತ್ತ 1,00,000, ಬಿಲ್ ತಾರೀಖು ಜೂನ್ 3. ಬಿಲ್ ಕೈಗೆ ಬಂದಿದ್ದು 6ಕ್ಕೆ. ಸರಕಿನ ಲೆಕ್ಕ ತಾಳೆ ನೋಡಿ ಪೋಸ್ಟ್ ಮಾಡಿದ್ದು 9ಕ್ಕೆ. ಪೇಮೆಂಟ್ ರನ್ ವಾರಕ್ಕೊಮ್ಮೆ: 5, 12, 19, 26.

ಸಪ್ಲೈಯರ್ ಲೆಕ್ಕದಲ್ಲಿ ಡಿಸ್ಕೌಂಟ್ ಜೂನ್ 13ಕ್ಕೆ ಮುಗಿಯುತ್ತದೆ. ಆದರೆ ನಿಮ್ಮ ಟರ್ಮ್ಸ್‌ನಲ್ಲಿ ಬೇಸ್‌ಲೈನ್ ಅಂದರೆ ಪೋಸ್ಟಿಂಗ್ ಡೇಟ್ ಅಂತ ಇದ್ದರೆ, ಸಾಫ್ಟ್‌ವೇರ್ 9ರಿಂದ ಎಣಿಸಿ 19ರ ತನಕ ಟೈಮ್ ಇದೆ ಅಂದುಕೊಳ್ಳುತ್ತದೆ. 12ನೇ ತಾರೀಖಿನ ರನ್‌ನಲ್ಲಿ ಅದು ಈ ಬಿಲ್ಲನ್ನು ನೋಡಿ, ಮುಂದಿನ ರನ್‌ನಲ್ಲೂ ಡಿಸ್ಕೌಂಟ್ ಸಿಗುತ್ತದಲ್ಲ ಅಂತ ಬಿಟ್ಟುಬಿಡುತ್ತದೆ. 19ಕ್ಕೆ 98,000 ಕಳಿಸಿ ಬಿಲ್ ಕ್ಲೋಸ್ ಮಾಡುತ್ತದೆ. ನಿಮ್ಮ ಪುಸ್ತಕದಲ್ಲಿ ಬಾಕಿ ಸೊನ್ನೆ. ಅವರ ಪುಸ್ತಕದಲ್ಲಿ 2,000 ಹಾಗೇ ಉಳಿದಿದೆ. ನಿಮ್ಮ ಕಡೆ ಆ ಬಿಲ್ ಓಪನ್ ಲಿಸ್ಟ್‌ನಲ್ಲೇ ಇಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ಸ್ಟೇಟ್‌ಮೆಂಟ್ ಕಳಿಸಿದಾಗಲೇ ಗೊತ್ತಾಗುವುದು.

SAP ಬಳಸುತ್ತಿದ್ದರೆ ಇದು `OBB8` ನಲ್ಲಿ ಇರುತ್ತದೆ. ಒಂದೊಂದು ಟರ್ಮ್ಸ್‌ಗೂ ಬೇಸ್‌ಲೈನ್ ಯಾವುದು ಅಂತ ಆರಿಸಬೇಕು: ಡಾಕ್ಯುಮೆಂಟ್ ಡೇಟ್, ಪೋಸ್ಟಿಂಗ್ ಡೇಟ್, ಎಂಟ್ರಿ ಡೇಟ್, ಇಲ್ಲವೇ ಏನನ್ನೂ ತುಂಬದೆ ಎಂಟ್ರಿ ಮಾಡುವವರಿಗೇ ಬಿಡುವುದು. ಬೇರೆ ಸಾಫ್ಟ್‌ವೇರ್ ಆದರೂ ಇದೇ ಪ್ರಶ್ನೆ ಪೇಮೆಂಟ್ ಟರ್ಮ್ಸ್ ಸೆಟಿಂಗ್‌ನಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ. ಜೊತೆಗೆ `FBZP` ನಲ್ಲಿ ಟಾಲರೆನ್ಸ್ ಡೇಸ್ ನೋಡಿ. ಅಲ್ಲಿ ಯಾರೋ 3 ಅಂತ ಹಾಕಿಟ್ಟಿದ್ದರೆ, ಗಡುವು ಮುಗಿದ ಮೇಲೂ ಮೂರು ದಿನ ಸಾಫ್ಟ್‌ವೇರ್ ಡಿಸ್ಕೌಂಟ್ ಕಳೆಯುತ್ತಲೇ ಇರುತ್ತದೆ. ಸಪ್ಲೈಯರ್ ಅದಕ್ಕೆ ಒಪ್ಪಿಲ್ಲದಿದ್ದರೆ ಅದೂ ಇಂಥದೇ ಬಾಕಿ.

ಸರಿ, ಬೇಸ್‌ಲೈನನ್ನು ಬಿಲ್ ತಾರೀಖಿಗೆ ಬದಲಾಯಿಸಿದಿರಿ ಅನ್ನೋಣ. ಈಗ 12ರ ರನ್ ಏನು ಮಾಡುತ್ತದೆ? ಡಿಸ್ಕೌಂಟ್ 13ಕ್ಕೆ ಮುಗಿಯುತ್ತದೆ, ಮುಂದಿನ ರನ್ 19ಕ್ಕೆ, ಆದ್ದರಿಂದ ಇವತ್ತೇ ಕೊಡಬೇಕು ಅಂತ ಆರಿಸುತ್ತದೆ. ಹೀಗೆ ಆರಿಸಲು ಸಾಫ್ಟ್‌ವೇರ್‌ಗೆ ಮುಂದಿನ ರನ್ ತಾರೀಖು ಗೊತ್ತಿರಬೇಕು. `F110` ನಲ್ಲಿ `Next p/date` ಅಂತ ಒಂದು ಜಾಗ ಇದೆ, ಅದು ಇದಕ್ಕೇ. ಅಲ್ಲಿ ಸುಮ್ನೆ ನಾಳೆಯ ತಾರೀಖು ಹಾಕುವ ಅಭ್ಯಾಸ ಇದ್ದರೆ ಸಾಫ್ಟ್‌ವೇರ್ 13ಕ್ಕೂ ಒಂದು ರನ್ ಇದೆ ಅಂತ ನಂಬಿ ಈ ಬಿಲ್ಲನ್ನು ಬಿಡುತ್ತದೆ. 13ಕ್ಕೆ ರನ್ ಇರುವುದಿಲ್ಲ, ಡಿಸ್ಕೌಂಟ್ ಹೋಗುತ್ತದೆ.

ಇನ್ನೊಂದು ಕಡೆಯೂ ಕೈ ಕೊಡುತ್ತದೆ. 12ಕ್ಕೆ ಕಳಿಸಿದ ಹಣ ಅವರ ಖಾತೆಗೆ ಸೇರಲು ಎರಡು ದಿನ ಬೇಕಾದರೆ ಅದು ತಲುಪುವುದು 14ಕ್ಕೆ. ಕಳಿಸಿದ ದಿನ ಲೆಕ್ಕವೋ, ಸೇರಿದ ದಿನ ಲೆಕ್ಕವೋ ಅನ್ನುವುದು ಒಪ್ಪಂದದಲ್ಲಿ ಇರಬೇಕು. ಬಹಳ ಸಲ ಅದನ್ನು ಬರೆದೇ ಇರುವುದಿಲ್ಲ. ಸೇರಿದ ದಿನವೇ ಲೆಕ್ಕ ಅಂತಾದರೆ, ಒಂದು ಬಿಲ್ಲನ್ನು ಇವತ್ತಿನ ರನ್‌ಗೆ ಹಾಕಬೇಕಾ ಅನ್ನುವ ಪರೀಕ್ಷೆ ಹೀಗಿರಬೇಕು:

```
today + bank_days <= discount_date
next_run + bank_days > discount_date
```

ಎರಡೂ ನಿಜವಾದರೆ ಇವತ್ತೇ ಕಳಿಸಿ, 2% ಕಳೆಯಿರಿ. ಮೊದಲ ಸಾಲೇ ಸುಳ್ಳಾದರೆ ಡಿಸ್ಕೌಂಟ್ ಆಗಲೇ ಕೈತಪ್ಪಿದೆ. ಆಗ ಅವಸರ ಮಾಡಬೇಡಿ, ಜುಲೈ 3ರ ಗಡುವಿಗೆ ಪೂರ್ತಿ 1,00,000 ಸೇರುವ ಹಾಗೆ ಕೊಡಿ. ನಮ್ಮ ಉದಾಹರಣೆಯಲ್ಲಿ ಕೊನೆಗೂ 10 ಅಥವಾ 11ಕ್ಕೆ ಒಂದು ಹೆಚ್ಚಿನ ರನ್ ಮಾಡದೆ ದಾರಿ ಇಲ್ಲ. ಡಿಸ್ಕೌಂಟ್ ಕೊಡುವ ಸಪ್ಲೈಯರ್‌ಗಳನ್ನು ಒಂದು ಗುಂಪು ಮಾಡಿ, ಅವರಿಗೆ ಮಾತ್ರ ವಾರಕ್ಕೆ ಎರಡು ರನ್ ಇಟ್ಟುಕೊಳ್ಳುವುದು ನನಗೆ ಸರಿ ಕಂಡ ದಾರಿ.

ಅಷ್ಟು ಕಷ್ಟಪಡಬೇಕಾ ಅಂದರೆ, ಹೌದು. 98,000 ಇಪ್ಪತ್ತು ದಿನ ಮುಂಚೆ ಕೊಟ್ಟರೆ 2,000 ಉಳಿಯುತ್ತದೆ. ವರ್ಷದ ಲೆಕ್ಕಕ್ಕೆ ತಂದರೆ ಸುಮಾರು 37%. ತಡ ಪಾವತಿಗೆ ವರ್ಷಕ್ಕೆ 18% ಬಡ್ಡಿ ಅಂತ ಇದ್ದರೂ, 1,00,000ಕ್ಕೆ ಇಪ್ಪತ್ತು ದಿನಕ್ಕೆ ಬೀಳುವುದು 986. ಅಂದರೆ ಡಿಸ್ಕೌಂಟ್ ತಪ್ಪುವುದು ಅಷ್ಟೇ ದಿನದ ಬಡ್ಡಿಯ ಎರಡರಷ್ಟು ದುಬಾರಿ. ಜನ ಬಡ್ಡಿಗೆ ಹೆದರುತ್ತಾರೆ, ಡಿಸ್ಕೌಂಟ್ ಹೋದರೆ ಲೆಕ್ಕಕ್ಕೇ ಇಡುವುದಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಈಗ ಆ ಬಡ್ಡಿ. ಕೊಳ್ಳುವವರ ಸಾಫ್ಟ್‌ವೇರ್ ಸಾಮಾನ್ಯವಾಗಿ ತನ್ನಷ್ಟಕ್ಕೆ ತಾನೇ ಬಡ್ಡಿ ಬರೆದುಕೊಳ್ಳುವುದಿಲ್ಲ. ಸಪ್ಲೈಯರ್ ಕಡೆಯದು ಲೆಕ್ಕ ಹಾಕಿ ಡೆಬಿಟ್ ನೋಟ್ ಕಳಿಸುತ್ತದೆ. ನಿಮ್ಮದನ್ನು ಕೈಯಾರೆ ತಾಳೆ ನೋಡಿ. ಮೇಲಿನ ಬಿಲ್‌ನಲ್ಲಿ ಉಳಿದ 2,000ಕ್ಕೆ ಗಡುವು ಜುಲೈ 3. ಬಡ್ಡಿ ಜುಲೈ 4ರಿಂದ. ಸೆಪ್ಟೆಂಬರ್ 30ರ ತನಕ 28, 31, 30, ಒಟ್ಟು 89 ದಿನ. ಸರಳ ಬಡ್ಡಿ 18% ಅಂದರೆ:

```
2000 * 0.18 * 89 / 365 = 87.78
2000 * 0.18 * 89 / 360 = 89.00
```

ಅವರ ಅಂಕಿ 89.00 ಇದ್ದರೆ ಅವರ ಸಾಫ್ಟ್‌ವೇರ್ ವರ್ಷಕ್ಕೆ 360 ದಿನ ಅಂತ ಹಿಡಿದಿದೆ. ಒಪ್ಪಂದದಲ್ಲಿ ಹಾಗಿದೆಯಾ ನೋಡಿ. ಅಂಕಿ ಸುಮಾರು 4,400 ಇದ್ದರೆ ಉಳಿದ 2,000ಕ್ಕಲ್ಲ, ಇಡೀ 1,00,000ಕ್ಕೆ ಬಡ್ಡಿ ಹಾಕಿದ್ದಾರೆ. ನೀವು ಕಳಿಸಿದ 98,000 ಆ ಬಿಲ್‌ಗೆ ಜಮೆ ಆಗಿಲ್ಲ, ಅವರಲ್ಲಿ ಎಲ್ಲೋ ಅಡ್ವಾನ್ಸ್ ಅಂತ ಕೂತಿದೆ. ಅದು ಅವರು ಸರಿ ಮಾಡಬೇಕಾದ್ದು, ಪೇಮೆಂಟ್ ರೆಫರೆನ್ಸ್ ಕಳಿಸಿ ಕೇಳಿ.

ಸದ್ಯಕ್ಕೆ ಹೀಗೆ ಮಾಡಿ. ಬೇಸ್‌ಲೈನ್ ಪೋಸ್ಟಿಂಗ್ ಡೇಟ್ ಆಗಿದ್ದು, ಒಪ್ಪಂದದಲ್ಲಿ ಬಿಲ್ ತಾರೀಖು ಅಂತ ಇದ್ದರೆ ತಪ್ಪು ನಿಮ್ಮ ಸೆಟಿಂಗ್‌ದು. ಆ 2% ಕೊಟ್ಟುಬಿಡಿ, ಮೊದಲ ಸಲ ಅಂತ ಬಡ್ಡಿ ಬಿಡಲು ಕೇಳಿ. ಒಪ್ಪಂದದಲ್ಲಿ ಬಿಲ್ ತಲುಪಿದ ದಿನದಿಂದ ಅಂತ ಇದ್ದರೆ ಗಡುವು 13 ಅಲ್ಲ, 16. ಹಾಗಿದ್ದರೆ ಮುಂದೆ ಬಿಲ್ ಬಂದ ದಿನವೇ ಮೊಹರು ಹಾಕಿ, ಎಂಟ್ರಿ ಮಾಡುವಾಗ ಆ ತಾರೀಖನ್ನೇ ಬೇಸ್‌ಲೈನ್‌ಗೆ ಕೊಡಿ. ಟರ್ಮ್ಸ್ ಬದಲಾಯಿಸಿದರೆ ಈಗಾಗಲೇ ಪೋಸ್ಟ್ ಆಗಿರುವ ಬಿಲ್‌ಗಳು ತಾವಾಗಿ ಬದಲಾಗುವುದಿಲ್ಲ. ಓಪನ್ ಇರುವವನ್ನು ಒಂದೊಂದಾಗಿ ತೆಗೆದು ತಾರೀಖು ತಿದ್ದಬೇಕು. ಮುಂದಿನ ರನ್‌ಗೆ ಮುಂಚೆ ಆ ಕೆಲಸ ಮುಗಿಸಿ.