ಹೊಂಡ ಮುಚ್ಚುವ ಖರ್ಚಿದ್ದರೆ ಐಆರ್‌ಆರ್ ಬಿಡಿ, ಎನ್‌ಪಿವಿಯನ್ನೂ ಕಣ್ಣುಮುಚ್ಚಿ ನಂಬಬೇಡಿ

“ಹೊಸನಗರದ ಹತ್ತಿರ ಜಂಬಿಟ್ಟಿಗೆ ಕ್ವಾರಿ ಮಾಡಬೇಕು ಅಂತಿದ್ದೇವೆ. ಕೊನೆಗೆ ಹೊಂಡ ಮುಚ್ಚಿ ಜಾಗ ಬಿಟ್ಟುಕೊಡಬೇಕು. ಐಆರ್‌ಆರ್ ಎರಡು ಬೇರೆ ಬೇರೆ ಉತ್ತರ ಕೊಡ್ತಿದೆ. ಯಾವುದು ಸರಿ? ಎನ್‌ಪಿವಿ ಒಂದೇ ನೋಡಿದರೆ ಸಾಕಾ?”

ಎನ್‌ಪಿವಿ ಅಂದರೆ ಮುಂದೆ ಬರುವ, ಹೋಗುವ ದುಡ್ಡನ್ನೆಲ್ಲ ಒಂದು ಬಡ್ಡಿದರದಲ್ಲಿ ಇಂದಿನ ಬೆಲೆಗೆ ಇಳಿಸಿ ಕೂಡಿ ಕಳೆದ ಮೊತ್ತ. ಅದು ಸೊನ್ನೆಯಾಗುವ ದರವೇ ಐಆರ್‌ಆರ್. ಸಾಗರದ ಕಡೆಯ ಇಂಥದ್ದೇ ಕ್ವಾರಿಯೊಂದರಲ್ಲಿ ನಾನು ಪಾಲುದಾರನಾಗಿದ್ದೆ, ಲೆಕ್ಕವೂ ನನ್ನದೇ. ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಹೇಳುತ್ತೇನೆ. ಮೊದಲಿಗೆ ಹಾಕಿದ್ದು 20 ಲಕ್ಷ, ವರ್ಷದ ಕೊನೆಗೆ ಕೈಗೆ ಬಂದದ್ದು 49 ಲಕ್ಷ, ಎರಡನೇ ವರ್ಷದ ಕೊನೆಗೆ ಹೊಂಡ ಮುಚ್ಚಲು 29.4 ಲಕ್ಷ. ದುಡ್ಡು ಹೋಗಿ, ಬಂದು, ಮತ್ತೆ ಹೋಯಿತು. ಚಿಹ್ನೆ ಎರಡು ಸಲ ಬದಲಾದರೆ ಎರಡು ಐಆರ್‌ಆರ್ ಇರಬಹುದು. ಎಕ್ಸೆಲ್‌ನಲ್ಲಿ A1ರಿಂದ A3ರವರೆಗೆ -20, 49, -29.4 ಬರೆದು ಹೀಗೆ ಕೇಳಿ ನೋಡಿ:

```
=IRR(A1:A3,0.1)
=IRR(A1:A3,0.5)
```

ಮೊದಲನೆಯದು 5% ಕೊಡುತ್ತದೆ, ಎರಡನೆಯದು 40%. ಸಮೀಕರಣಕ್ಕೆ ಎರಡೂ ಸರಿ. ನೀವು ಕೊಟ್ಟ ಆರಂಭದ ಊಹೆಗೆ ಯಾವುದು ಹತ್ತಿರವೋ ಸಾಮಾನ್ಯವಾಗಿ ಅಲ್ಲಿ ಎಕ್ಸೆಲ್ ನಿಲ್ಲುತ್ತದೆ, ಅಷ್ಟೇ. ಹಾಗಾಗಿ ‘ಯಾವುದು ಸರಿ’ ಅನ್ನೋ ಪ್ರಶ್ನೆಯೇ ಇಲ್ಲಿ ನಿಲ್ಲೋದಿಲ್ಲ.

ಇಷ್ಟು ನನಗೆ ಗೊತ್ತಿತ್ತು. ಐಆರ್‌ಆರ್ ಬದಿಗಿಟ್ಟು, ಸಾಲದ ಬಡ್ಡಿ 12% ಹಿಡಿದು ಎನ್‌ಪಿವಿ ತೆಗೆದೆ. 31,250 ರೂಪಾಯಿ ಲಾಭ ತೋರಿಸಿತು. ಕೆಲಸ ಶುರು ಮಾಡಿದೆವು.

ತಪ್ಪಿದ್ದು ಅಲ್ಲೇ. ಬಡ್ಡಿ ಲೆಕ್ಕವನ್ನೇ ಬಿಟ್ಟು ಬರೀ ಕೂಡಿ ಕಳೆದು ನೋಡಿ: ಬರುವುದು 49 ಲಕ್ಷ, ಹೋಗುವುದು 49.4 ಲಕ್ಷ. ನಲವತ್ತು ಸಾವಿರ ಕಡಿಮೆ ಬೀಳುವ ಕೆಲಸದಲ್ಲಿ ಲಾಭ ಹುಟ್ಟಿದ್ದೆಲ್ಲಿಂದ? ಮೊದಲ ವರ್ಷದ ಕೊನೆಗೆ ಸಾಲ, ಬಡ್ಡಿ ಸೇರಿ 22.4 ಲಕ್ಷ ತೀರಿಸಿದರೆ 26.6 ಲಕ್ಷ ಉಳಿಯುತ್ತದೆ. ಅದು ಹೊಂಡ ಮುಚ್ಚುವವರೆಗೆ 12% ದುಡಿಯುತ್ತದೆ ಅಂತ ನನ್ನ ಎನ್‌ಪಿವಿ ಸುಮ್ಮನೆ ಒಪ್ಪಿಕೊಂಡಿತ್ತು. ಆ ದುಡ್ಡು ನಿಜವಾಗಿ ಇದ್ದದ್ದು 7% ಎಫ್‌ಡಿಯಲ್ಲಿ. ವರ್ಷ ಕಳೆದಾಗ ಅದು 28.46 ಲಕ್ಷವಾಯಿತು. ಮುಚ್ಚುವ ಖರ್ಚಿಗೆ ಸುಮಾರು 94 ಸಾವಿರ ಕೈಯಿಂದ ಹಾಕಬೇಕಾಯಿತು. ಸಾಲದ ದರದಲ್ಲಿ ಡಿಸ್ಕೌಂಟ್ ಮಾಡಿದಾಗ ಕೊನೆಯ ದೊಡ್ಡ ಖರ್ಚು ಕಾಗದದ ಮೇಲೆ ಕುಗ್ಗಿ ಕಾಣುತ್ತದೆ. ದರ ಏರಿಸಿದಷ್ಟೂ ಅದು ಇನ್ನಷ್ಟು ಕುಗ್ಗುತ್ತದೆ. ಅದಕ್ಕೇ ಈ ಯೋಜನೆ 0% ಗೆ ನಷ್ಟ ತೋರಿಸಿ, 20% ಗೆ ಎಲ್ಲಕ್ಕಿಂತ ಹೆಚ್ಚು ಲಾಭ ತೋರಿಸುತ್ತದೆ. ದರ ಏರಿದಂತೆ ಎನ್‌ಪಿವಿಯೂ ಏರುವುದು ಕಂಡರೆ ಅಲ್ಲೇ ನಿಲ್ಲಿ.

ನಾನು ಈಗ ಹೀಗೆ ಮಾಡುತ್ತೇನೆ. ಕೊನೆಯ ಖರ್ಚನ್ನು ಮಾತ್ರ ಎಫ್‌ಡಿ ದರದಲ್ಲಿ, ದುಡ್ಡು ಬರುವ ವರ್ಷಕ್ಕೆ ತರುತ್ತೇನೆ: 29.4 ÷ 1.07 = 27.48 ಲಕ್ಷ. ಅಷ್ಟನ್ನು 49ರಿಂದ ಮೊದಲೇ ಎತ್ತಿಟ್ಟರೆ 21.52 ಲಕ್ಷ ಉಳಿಯುತ್ತದೆ. ಈಗ ಚಿಹ್ನೆ ಒಂದೇ ಸಲ ಬದಲಾಗುತ್ತದೆ: 20 ಹಾಕಿ 21.52 ಪಡೆದಂತೆ. ಐಆರ್‌ಆರ್ ಕೂಡ ಒಂದೇ, 7.6%. ಸಾಲದ ಬಡ್ಡಿ 12% ಇರುವಾಗ ಇದಕ್ಕೆ ಕೈ ಹಾಕಬಾರದು. 12% ಗೆ ಎನ್‌ಪಿವಿ ತೆಗೆದರೂ ಅದೇ ಮಾತು, 78 ಸಾವಿರ ನಷ್ಟ.

ನಿಮ್ಮ ಅಂಕಿಗಳನ್ನೂ ಹೀಗೇ ಹಾಕಿ. ಹೊಂಡ ಮುಚ್ಚುವ ಅಂದಾಜು ಮಾತ್ರ ಮಣ್ಣು ಎಲ್ಲಿಂದ ತರುತ್ತೀರಿ, ಲಾರಿ ಬಾಡಿಗೆ ಎಷ್ಟು ಅಂತ ವಿಚಾರಿಸಿಯೇ ಬರೆಯಿರಿ. ಮೇಲಿನ ಲೆಕ್ಕದಲ್ಲಿ ಅದು 10% ಏರಿದರೆ ಎತ್ತಿಡಬೇಕಾದದ್ದು ಇನ್ನೂ 2.75 ಲಕ್ಷ ಹೆಚ್ಚು, ಹಾಕಿದ 20 ಲಕ್ಷವೇ ಪೂರ್ತಿ ವಾಪಸ್ ಬರುವುದಿಲ್ಲ.